‘ಇನ್ನಷ್ಟು ಓದಿ’ಯ ಮೇಲಿನ ಎರಡು ಸಾಲು

2025ರ ಜೂನ್ 29ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿಯವರು ಕಲಬುರಗಿಯ ಹೆಣ್ಣುಮಕ್ಕಳ ಜೋಳದ ರೊಟ್ಟಿಯ ಬಗ್ಗೆ ಮಾತಾಡಿದರು. ಜಿಲ್ಲಾಡಳಿತದ ಒತ್ತಾಸೆಯಿಂದ ಸ್ವಸಹಾಯ ಗುಂಪುಗಳ ರೊಟ್ಟಿ ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಊರು ದಾಟಿತ್ತು, ಆನ್‌ಲೈನ್ ಆರ್ಡರ್‌ಗಳೂ ಬರುತ್ತಿದ್ದವು. ರೇಡಿಯೊದಲ್ಲಿ ಇಂಥ ಹೆಸರು ಕೇಳಿದವರು ಏನು ಮಾಡುತ್ತಾರೆಂದು ಊಹಿಸಲು ಕಷ್ಟವಿಲ್ಲ. ಕೈಯಲ್ಲಿದ್ದ ಫೋನಿನಲ್ಲಿ ಹುಡುಕುತ್ತಾರೆ. ಹುಬ್ಬಳ್ಳಿಯವರಾದರೆ ರೊಟ್ಟಿ ಎಂದರೇನೆಂದು ಹೇಳಬೇಕಿಲ್ಲ. ಆದರೆ ಜೈಪುರದಲ್ಲೋ ಕೊಚ್ಚಿಯಲ್ಲೋ ಕೂತವರ ಅಂಗೈಯಗಲದ ತೆರೆಯ ಮೇಲೆ ಮೊದಲು ಒಂದು ಚಿತ್ರ ಬರುತ್ತದೆ, ಅದರ ಕೆಳಗೆ ಬೆಲೆ, ಯಾವಾಗ ತಲುಪುತ್ತದೆ ಎಂಬ ತಾರೀಕು, ಕೊಳ್ಳುವ ಗುಂಡಿ. ಅಲ್ಲಿಂದ ಇನ್ನೂ ಕೆಳಗೆ ಸರಿಸಿದರೆ ವಿವರಣೆಯ ಒಂದೆರಡು ಸಾಲು ಕಾಣುತ್ತವೆ. ಮಿಕ್ಕ ಬರಹವೆಲ್ಲ ‘ಇನ್ನಷ್ಟು ಓದಿ’ ಎಂಬ ಪುಟ್ಟ ನೀಲಿ ಅಕ್ಷರಗಳ ಹಿಂದೆ ಮಡಚಿ ಕೂತಿರುತ್ತದೆ.

ಈ ಲೇಖನ ಆ ಒಂದೆರಡು ಸಾಲುಗಳ ಬಗ್ಗೆ ಮಾತ್ರ.

ಮಾರುವವರು ವಿವರ ಬರೆಯುವುದು ಸಾಮಾನ್ಯವಾಗಿ ಕಂಪ್ಯೂಟರಿನ ಮುಂದೆ, ಇಲ್ಲವೇ ಬರೆದುಕೊಡುವ ಹುಡುಗನ ಲ್ಯಾಪ್‌ಟಾಪಿನಲ್ಲಿ. ಅಮೆಜಾನ್ ಮಾರಾಟಗಾರರ ಫಾರ್ಮಿನಲ್ಲಿ ಒಂದರ ಕೆಳಗೊಂದು ಐದು ಖಾಲಿ ಚೌಕಗಳಿರುತ್ತವೆ. ಒಂದೊಂದು ಚೌಕದಲ್ಲಿ ಬರೆದದ್ದು ಒಂದೊಂದು ಬುಲೆಟ್ ಆಗಿ, ಮುಂದೆ ಚುಕ್ಕೆ ಹೊತ್ತು ಪುಟದ ಮೇಲೆ ಬರುತ್ತದೆ. ದೊಡ್ಡ ತೆರೆಯಲ್ಲಿ ಈ ಐದೂ ಚಿತ್ರದ ಪಕ್ಕದಲ್ಲೇ ಒಟ್ಟಿಗೆ ಕಾಣುವುದರಿಂದ ಯಾವುದು ಮೊದಲು ಬಂತು, ಯಾವುದು ನಾಲ್ಕನೆಯದು ಎಂಬುದು ಅಷ್ಟು ದೊಡ್ಡ ಮಾತೆನಿಸುವುದಿಲ್ಲ. ಬರೆದವರು ಒಮ್ಮೆ ಕಣ್ಣಾಡಿಸಿ ಎಲ್ಲವೂ ಇದೆಯಲ್ಲ ಎಂದು ಸೇವ್ ಒತ್ತುತ್ತಾರೆ. ಫೋನಿನಲ್ಲಿ ಕೊಳ್ಳುವವರಿಗೆ ಆ ಐದರಲ್ಲಿ ಸಿಗುವುದು ಮೊದಲನೆಯದರ ಅರ್ಧವೋ ಮುಕ್ಕಾಲೋ. ಫ್ಲಿಪ್‌ಕಾರ್ಟ್‌ನಲ್ಲಿ ವಿವರಗಳ ಭಾಗವನ್ನು ಒತ್ತಿದರೆ ಮಾತ್ರ ತೆರೆದುಕೊಳ್ಳುತ್ತದೆ. ಸ್ವಿಗ್ಗಿಯಂಥ ಊಟದ ಆ್ಯಪ್‌ನಲ್ಲಿ ತಿನಿಸಿನ ಹೆಸರಿನ ಕೆಳಗೆ ಸಣ್ಣಕ್ಷರದ ಒಂದೆರಡು ಸಾಲು, ಆಮೇಲೆ ಮೂರು ಚುಕ್ಕೆ. ವಾಟ್ಸ್‌ಆ್ಯಪ್ ಬಿಸಿನೆಸ್‌ನ ಕ್ಯಾಟಲಾಗಿನಲ್ಲಿ ಪುಟಗಟ್ಟಲೆ ವಿವರ ತುಂಬಲು ಜಾಗವಿದೆ, ಪಟ್ಟಿಯಲ್ಲಿ ತೋರುವುದು ಮಾತ್ರ ಚಿತ್ರದ ಪಕ್ಕದ ಒಂದಿಷ್ಟು ಪದ.

ಎಷ್ಟನೇ ಅಕ್ಷರಕ್ಕೆ ಕತ್ತರಿ ಬೀಳುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಒಂದೇ ಸಂಖ್ಯೆ ಹೇಳಲು ಬರುವುದಿಲ್ಲ. ಆ್ಯಪ್ ಹೊಸದಾದಾಗಲೆಲ್ಲ ಅದು ಬದಲಾಗುತ್ತದೆ, ತೆರೆಯ ಅಗಲಕ್ಕೆ ತಕ್ಕಂತೆ ಬದಲಾಗುತ್ತದೆ, ಫೋನಿನಲ್ಲಿ ಅಕ್ಷರವನ್ನು ದೊಡ್ಡದು ಮಾಡಿಟ್ಟುಕೊಂಡವರಿಗೆ ಇನ್ನೂ ಬೇಗ ಕತ್ತರಿ ಬೀಳುತ್ತದೆ. ನನ್ನ ಅಂದಾಜು ಇಷ್ಟೇ: ಮೊದಲ ಆರೇಳು ಪದ ಎಲ್ಲರಿಗೂ ಕಾಣುತ್ತವೆ, ಹನ್ನೆರಡರ ತನಕ ಬಹಳಷ್ಟು ಜನರಿಗೆ ಕಾಣಬಹುದು, ಆಚೆಯದನ್ನು ನಂಬಿ ಕೂರಬಾರದು.

ಈಗ ಒಂದು ಪ್ಯಾಕೆಟ್ ರೊಟ್ಟಿಯನ್ನು ಮುಂದಿಟ್ಟುಕೊಳ್ಳೋಣ. ಕಲಬುರಗಿಯ ಒಂದು ಹೆಣ್ಣುಮಕ್ಕಳ ಗುಂಪು ಒಣಗಿಸಿದ ಜೋಳದ ರೊಟ್ಟಿಯನ್ನು, ಅಂದರೆ ಖಡಕ್ ರೊಟ್ಟಿಯನ್ನು, ಹತ್ತರ ಕಟ್ಟು ಮಾಡಿ ಮಾರುತ್ತಿದೆ ಎಂದುಕೊಳ್ಳಿ. ಗುಂಪು ಕಲ್ಪನೆಯದು. ಬರಹದ ಮಾದರಿ ಮಾತ್ರ ಕಲ್ಪನೆಯದಲ್ಲ, ಇಂಥ ಬುಲೆಟ್ ಎಲ್ಲ ಕಡೆ ಸಿಗುತ್ತದೆ:

> ಅತ್ಯುತ್ತಮ ಗುಣಮಟ್ಟ: ಕಲ್ಯಾಣ ಕರ್ನಾಟಕದ ಶ್ರೀಮಂತ ಆಹಾರ ಪರಂಪರೆಯನ್ನು ನಿಮ್ಮ ಮನೆ ಬಾಗಿಲಿಗೆ ತರುವ ನಮ್ಮ ರೊಟ್ಟಿಗಳನ್ನು ಅನುಭವಿ ಮಹಿಳೆಯರು ಕೈಯಿಂದಲೇ ಬಡಿದು, ಹಂಚಿನ ಮೇಲೆ ಬೇಯಿಸಿ, ಒಣಗಿಸಿ ಪ್ಯಾಕ್ ಮಾಡುತ್ತಾರೆ

ಈ ವಾಕ್ಯದಲ್ಲಿ ಸುಳ್ಳಿಲ್ಲ. ಕನ್ನಡ ಓದುವವರಿಗೆ ತೊಡಕೂ ಇಲ್ಲ. ಆದರೆ ಫೋನಿನಲ್ಲಿ ಇದು ಹೀಗೆ ಕಾಣುತ್ತದೆ:

> ಅತ್ಯುತ್ತಮ ಗುಣಮಟ್ಟ: ಕಲ್ಯಾಣ ಕರ್ನಾಟಕದ ಶ್ರೀಮಂತ ಆಹಾರ ಪರಂಪರೆಯನ್ನು ನಿಮ್ಮ ಮನೆ…

ಇಷ್ಟನ್ನೇ ಓದಿದವರಿಗೆ ಮಾರುತ್ತಿರುವುದು ರೊಟ್ಟಿಯೋ ಉಪ್ಪಿನಕಾಯಿಯೋ ತಿಳಿಯುವುದಿಲ್ಲ. ಕೈಯಿಂದ ಬಡಿದದ್ದು, ಒಣಗಿಸಿದ್ದು ಎಂಬ ಎರಡು ಗಟ್ಟಿ ಸಂಗತಿಗಳು ಬಂದದ್ದೇ ವಾಕ್ಯದ ಬಾಲದಲ್ಲಿ. ಕನ್ನಡದ ವಾಕ್ಯಕ್ಕೆ ಕ್ರಿಯಾಪದ ಕೊನೆಗೆ ಬರುವ ಸ್ವಭಾವ ಇರುವುದರಿಂದ ಈ ಅಪಾಯ ನಮಗೆ ತುಸು ಹೆಚ್ಚು. ವಿಶೇಷಣದ ಮೇಲೆ ವಿಶೇಷಣ ಪೇರಿಸಿ ಕೊನೆಗೆ ವಸ್ತುವಿಗೆ ಬರುವ ವಾಕ್ಯವನ್ನು ಎಲ್ಲಿ ಕತ್ತರಿಸಿದರೂ ಕೈಗೆ ಉಳಿಯುವುದು ವಿಶೇಷಣ. ಫೋನಿಗಾಗಿ ಬರೆಯುವಾಗ ಉದ್ದ ವಾಕ್ಯ ಬಿಟ್ಟು ತುಂಡು ತುಂಡಾಗಿ ಬರೆಯುವುದೇ ಒಳ್ಳೆಯದು. ಅಮೆಜಾನ್‌ನ ನಿಯಮವೂ ಇದನ್ನೇ ಕೇಳುತ್ತದೆ: ಬುಲೆಟ್ ಪೂರ್ಣ ವಾಕ್ಯವಾಗಬೇಕಿಲ್ಲ, ತುಂಡುಗಳ ನಡುವೆ ಸೆಮಿಕೋಲನ್ ಹಾಕಿ, ಕೊನೆಗೆ ಪೂರ್ಣವಿರಾಮ ಬೇಡ, ಇಮೋಜಿ ಬೇಡ. ಒಂದು ಬುಲೆಟ್ 255 ಅಕ್ಷರ ದಾಟಬಾರದು ಎಂಬ ಮಿತಿಯನ್ನೂ ಅದು ಇತ್ತೀಚೆಗೆ ಇಟ್ಟಿದೆ.

ಹಾಗಾದರೆ ಮೊದಲು ಏನು ಬರೆಯಬೇಕು? ಇದಕ್ಕೆ ಬಹಳ ಮಂದಿ ಕೊಡುವ ಉತ್ತರ ‘ನಿಮ್ಮ ವಸ್ತುವಿನ ಹೆಚ್ಚುಗಾರಿಕೆ’. ನನಗೆ ಒಪ್ಪಿಗೆಯಿಲ್ಲ. ಹೆಚ್ಚುಗಾರಿಕೆ ಎಂದ ಕೂಡಲೇ ಎಲ್ಲರಿಗೂ ಹೊಳೆಯುವುದು ‘ಶುದ್ಧ’, ‘ಸಾಂಪ್ರದಾಯಿಕ’, ‘ಪ್ರೀಮಿಯಂ’ ಎಂಬ ಪದಗಳೇ. ಪಕ್ಕದ ಪ್ಯಾಕೆಟ್ಟಿನವರೂ ಅವನ್ನೇ ಬರೆದಿರುತ್ತಾರೆ. ಅದಕ್ಕಿಂತ ಹೀಗೆ ಕೇಳಿಕೊಳ್ಳಬೇಕು: ಯಾವ ಒಂದು ಸಂಗತಿ ಗೊತ್ತಿಲ್ಲದೆ ಕೊಂಡವರು ಪೊಟ್ಟಣ ಬಿಚ್ಚಿದ ಮೇಲೆ ಮೋಸಹೋದೆ ಅಂದುಕೊಳ್ಳುತ್ತಾರೆ? ಆ ಸಂಗತಿಯೇ ಮೊದಲ ಸಾಲು.

ಖಡಕ್ ರೊಟ್ಟಿಯ ಮಟ್ಟಿಗೆ ಆ ಸಂಗತಿ ಅದರ ಗಟ್ಟಿತನ. ನಮ್ಮ ಕಡೆ ಅದು ಗುಣ. ತಿಂಗಳುಗಟ್ಟಲೆ ಇಡಬಹುದು, ಬುತ್ತಿಗೆ ಕಟ್ಟಬಹುದು, ಶೇಂಗಾ ಹಿಂಡಿ ಮೊಸರಿನ ಜೊತೆ ಮುರಿದುಕೊಂಡು ತಿನ್ನಬಹುದು. ಗೊತ್ತಿಲ್ಲದವರಿಗೆ ಅದೇ ದೋಷ. ರೊಟ್ಟಿ ಎಂದರೆ ಮೆತ್ತಗಿನ ಚಪಾತಿಯಂಥದ್ದು ಎಂದು ಎಣಿಸಿ ತರಿಸಿಕೊಂಡವರಿಗೆ ಕಟುಮ್ಮೆನ್ನುವ ತೆಳುವಾದ ತಟ್ಟೆ ಸಿಕ್ಕರೆ ‘ಹಳಸಿದ್ದು ಕಳಿಸಿದ್ದಾರೆ’ ಎಂದು ಒಂದು ನಕ್ಷತ್ರ ಕೊಟ್ಟು ಬಿಡುತ್ತಾರೆ. ಅವರದು ತಪ್ಪೆನ್ನಲಾಗದು, ಫೋಟೊದಲ್ಲಿ ಮೆತ್ತಗಿನ ರೊಟ್ಟಿಗೂ ಖಡಕ್ ರೊಟ್ಟಿಗೂ ವ್ಯತ್ಯಾಸ ಕಾಣುವುದೇ ಇಲ್ಲ. ಮುಖ್ಯ ಚಿತ್ರದ ಮೇಲೆ ಬರೆದು ತಿಳಿಸೋಣವೆಂದರೆ ಅಮೆಜಾನ್ ಬಿಡುವುದಿಲ್ಲ, ಅಲ್ಲಿ ಬಿಳಿ ಹಿನ್ನೆಲೆ ಮತ್ತು ವಸ್ತು ಅಷ್ಟೇ ಇರಬೇಕು. ಹಾಗಾಗಿ ಈ ಕೆಲಸ ಮೊದಲ ಬುಲೆಟ್ಟಿನ ಹೆಗಲಿಗೇ ಬೀಳುತ್ತದೆ.

ಮೊದಲು ಹೇಳಬೇಕಾದ ಸಂಗತಿ ಯಾವುದೆಂದು ಕಂಡುಹಿಡಿಯಲು ಜಾಹೀರಾತು ಬಲ್ಲವರೇನೂ ಬೇಕಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವ ಅಕ್ಕನ ಫೋನನ್ನು ಒಂದು ಸಂಜೆ ತಿರುವಿದರೆ ಸಾಕು. ‘ಎಷ್ಟ ಅದಾವ್ರಿ ಒಂದ್ ಪ್ಯಾಕಿನ್ಯಾಗ?’, ‘ಬಿಸಿ ಮಾಡ್ಬೇಕೇನ್ರಿ?’, ‘ಕೊರಿಯರ್‌ನ್ಯಾಗ ಮುರಿತಾವಲ್ರಿ?’, ‘ಎಷ್ಟ ದಿನ ಇರ್ತಾವ್ರಿ?’ ಇವೇ ಪ್ರಶ್ನೆಗಳು ಮರಳಿ ಮರಳಿ ಬರುತ್ತವೆ. ಹೆಚ್ಚು ಸಲ ಬಂದ ಪ್ರಶ್ನೆಗೆ ಮೊದಲ ಬುಲೆಟ್‌ನಲ್ಲಿ ಉತ್ತರ, ನಂತರದವು ನಂತರದ ಬುಲೆಟ್‌ಗಳಿಗೆ. ವಾಪಸ್ ಬಂದ ಮಾಲು ಇದ್ದರೆ ಅದರ ಕಾರಣವನ್ನು ಪ್ರಶ್ನೆಗಳಿಗಿಂತ ಮೇಲೆ ಇಡಬೇಕು. ಕೇಳಿದವರಿಗೆ ಅನುಮಾನವಾದರೂ ಬಂದಿತ್ತು. ವಾಪಸ್ ಕಳಿಸಿದವರಿಗೆ ಅನುಮಾನವೂ ಬಂದಿರಲಿಲ್ಲ.

ಮೊದಲ ಪ್ರಯತ್ನ ಹೀಗೆ ಬರುತ್ತದೆ:

> 10 ಜೋಳದ ರೊಟ್ಟಿಗಳ ಪ್ಯಾಕ್, ಒಣಗಿಸಿದ ಖಡಕ್ ರೊಟ್ಟಿ, ಕೈಯಿಂದ ಬಡಿದದ್ದು

ಮುಂಚಿನದಕ್ಕಿಂತ ಎಷ್ಟೋ ಮೇಲು. ಆದರೂ ಎರಡು ಕೊರತೆಗಳಿವೆ. ಪುಟದ ತುದಿಯಲ್ಲಿರುವ ಶೀರ್ಷಿಕೆಯಲ್ಲಿ ‘ಜೋಳದ ರೊಟ್ಟಿ, 10ರ ಪ್ಯಾಕ್’ ಎಂದು ಆಗಲೇ ಬಂದಿರುತ್ತದೆ, ಬರಲೇಬೇಕು. ಅದನ್ನೇ ಮತ್ತೆ ಹೇಳಿ ಬೆಲೆಬಾಳುವ ಮೊದಲ ಪದಗಳನ್ನು ಖರ್ಚು ಮಾಡಿದಂತಾಯಿತು. ಎರಡನೆಯದು, ‘ಖಡಕ್’ ಎಂದರೆ ಗೊತ್ತಿರುವವರಿಗೆ ಈ ಬುಲೆಟ್ ಬೇಕಾಗಿಲ್ಲ, ಬೇಕಾದವರಿಗೆ ಆ ಪದ ಗೊತ್ತಿಲ್ಲ. ಅವರು ದಿನವೂ ನೋಡುವ ವಸ್ತುವೊಂದನ್ನು ಪಕ್ಕಕ್ಕಿಟ್ಟು ತೋರಿಸಬೇಕು. ತಿದ್ದಿದ ಮೇಲೆ:

> ಒಣಗಿಸಿದ ಗಟ್ಟಿ ರೊಟ್ಟಿ, ಹಪ್ಪಳದಂತೆ ಮುರಿಯುತ್ತದೆ; ಬಿಸಿ ಮಾಡದೆ ತಿನ್ನಬಹುದು; ಮೆತ್ತಗೆ ಬೇಕಿದ್ದರೆ ನೀರು ಚಿಮುಕಿಸಿ ಸ್ವಲ್ಪ ಹೊತ್ತು ಮುಚ್ಚಿಡಿ

ಇದನ್ನು ಎಲ್ಲಿ ಬೇಕಾದರೂ ಕತ್ತರಿಸಿ ನೋಡಿ. ನಾಲ್ಕನೇ ಪದಕ್ಕೆ ನಿಂತರೆ ‘ಒಣಗಿಸಿದ ಗಟ್ಟಿ ರೊಟ್ಟಿ, ಹಪ್ಪಳದಂತೆ…’ ಎಂದು ಉಳಿಯುತ್ತದೆ, ತಪ್ಪು ಕಲ್ಪನೆ ಅಷ್ಟಕ್ಕೇ ಅಳಿಯುತ್ತದೆ. ಎಂಟನೆಯದಕ್ಕೆ ನಿಂತರೆ ತಿನ್ನುವ ಬಗೆಯೂ ಸಿಕ್ಕಿತು. ಪೂರ್ತಿ ಕಂಡವರಿಗೆ ಮೆತ್ತಗೆ ಮಾಡಿಕೊಳ್ಳುವ ಉಪಾಯ ಲಾಭ. ಪ್ರತಿ ಸೆಮಿಕೋಲನ್ನಿನ ಹಿಂದಿನದು ತನ್ನಷ್ಟಕ್ಕೆ ಮುಗಿದಿರಬೇಕು, ಮುಂದಿನದು ಕಾಣದೆ ಹೋದರೆ ಅರ್ಥ ತಿರುವುಮುರುವಾಗಬಾರದು. ‘ಎಣ್ಣೆ ಇಲ್ಲದೆ ಮಾಡಿದ’ ಎಂದು ಬರೆಯುವವರು ಇದನ್ನು ಗಮನಿಸಬೇಕು. ‘ಎಣ್ಣೆ’ ಎಂಬಲ್ಲೇ ಸಾಲು ಮುರಿದರೆ ಓದುವವರ ಮನಸ್ಸಿಗೆ ಮೊದಲು ಬೀಳುವುದು ಎಣ್ಣೆಯೇ.

ಕೈಯಿಂದ ಬಡಿದದ್ದು ಎಂಬ ಮಾತು ಎಲ್ಲಿ ಹೋಯಿತು ಎಂದು ಗುಂಪಿನವರು ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ರಟ್ಟೆ ನೋಯಿಸಿಕೊಂಡವರು ಅವರು. ಅದು ಎರಡನೇ ಬುಲೆಟ್ಟಿಗೆ ಹೋಗಲಿ, ಅಥವಾ ಬಡಿಯುತ್ತಿರುವ ಕೈಯ ಚಿತ್ರವೊಂದನ್ನು ಎರಡನೇ ಫೋಟೊವಾಗಿ ಹಾಕಲಿ. ಈ ಸಂಗತಿಯನ್ನು ಚಿತ್ರ ಮಾತಿಗಿಂತ ಚೆನ್ನಾಗಿ ಹೇಳುತ್ತದೆ, ಗಟ್ಟಿತನವನ್ನು ಹೇಳಲಾರದು. ಯಾವುದನ್ನು ಚಿತ್ರಕ್ಕೆ ಬಿಡಬಹುದು, ಯಾವುದನ್ನು ಅಕ್ಷರವೇ ಹೇಳಬೇಕು ಎಂದು ಬೇರ್ಪಡಿಸಿದರೆ ಮೊದಲ ಸಾಲಿನ ಮೇಲಿನ ಒತ್ತಡ ಅರ್ಧ ಇಳಿಯುತ್ತದೆ.

ಮುರಿಯುವ ವಿಷಯವನ್ನೂ ಮುಚ್ಚಿಡಬಾರದು. ಖಡಕ್ ರೊಟ್ಟಿ ಎಷ್ಟು ಜೋಪಾನವಾಗಿ ಕಟ್ಟಿದರೂ ದಾರಿಯಲ್ಲಿ ಒಂದೆರಡರ ಅಂಚು ಹೋಗಬಹುದು. ‘ಸಾಗಣೆಯಲ್ಲಿ ಅಂಚು ಮುರಿಯಬಹುದು, ರುಚಿಗೆ ಧಕ್ಕೆಯಿಲ್ಲ’ ಎಂದು ಎರಡನೇ ಬುಲೆಟ್ಟಿನ ಮೊದಲಿಗೆ ಬರೆದರೆ ಒಂದಿಬ್ಬರು ಕೊಳ್ಳದೆ ಹೋಗಬಹುದು. ವಾಪಸ್ ಬರುವ ಪ್ಯಾಕೆಟ್ ಅದಕ್ಕಿಂತ ತುಟ್ಟಿ, ತಿನ್ನುವ ಪದಾರ್ಥ ಒಮ್ಮೆ ಹೋಗಿ ಬಂದರೆ ಮತ್ತೆ ಮಾರುವಂತಿಲ್ಲ.

ಆರೋಗ್ಯದ ಮಾತನ್ನು ಮೊದಲ ಸಾಲಿಗೆ ತರುವ ಆಸೆ ಜೋಳ ಮಾರುವ ಎಲ್ಲರಿಗೂ ಇದೆ. ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ‘ಸಕ್ಕರೆ ಕಾಯಿಲೆಗೆ ಮದ್ದು’ ಎಂಬಂಥ ಹೇಳಿಕೆಗೆ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಜಾಹೀರಾತು ಮತ್ತು ಹೇಳಿಕೆಗಳ ನಿಯಮಾವಳಿಯಲ್ಲಿ ಜಾಗವಿಲ್ಲ. ‘ಶುದ್ಧ’, ‘ತಾಜಾ’, ‘ಸಾಂಪ್ರದಾಯಿಕ’, ‘ಅಪ್ಪಟ’ ಎಂಬ ಅರ್ಥದ ಪದಗಳಿಗೂ ಅದೇ ನಿಯಮಾವಳಿ ಷರತ್ತು ಹಾಕಿದೆ. ‘ಗ್ಲುಟೆನ್ ಇಲ್ಲ’ ಎಂಬುದು ಇನ್ನೂ ಸೂಕ್ಷ್ಮ. ಜೋಳದಲ್ಲಿ ಸಹಜವಾಗಿ ಅದಿಲ್ಲ, ನಿಜ. ಆದರೆ ಪ್ಯಾಕೆಟ್ಟಿನ ಮೇಲೆ ಹಾಗೆ ಬರೆಯಲು ಒಂದು ಕಿಲೋದಲ್ಲಿ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದು. ಓಣಿಯ ಗಿರಣಿಯಲ್ಲಿ ಈಗಷ್ಟೇ ಗೋಧಿ ಬೀಸಿದ ಕಲ್ಲಿನಲ್ಲೇ ನಿಮ್ಮ ಜೋಳವನ್ನೂ ಹಾಕಿದರೆ ಆ ಮಿತಿ ಉಳಿಯಿತೆಂದು ಯಾರು ಹೇಳಬೇಕು? ಪ್ರಯೋಗಾಲಯದ ವರದಿ ಕೈಯಲ್ಲಿಲ್ಲದಿದ್ದರೆ ‘ಜೋಳದ ಹಿಟ್ಟು, ನೀರು, ಬೇರೆ ಹಿಟ್ಟು ಬೆರೆಸಿಲ್ಲ’ ಎಂದು ಹಾಕಿದ್ದನ್ನಷ್ಟೇ ಬರೆಯಿರಿ. ಉಪ್ಪು ಹಾಕಿದ್ದರೆ ಅದನ್ನೂ ಸೇರಿಸಿ. ಹುಡುಕುವವರಿಗೆ ಬೇಕಾದದ್ದೂ ಇಷ್ಟೇ.

ರೊಟ್ಟಿಯಿಂದ ಬೇಳೆಗೆ ಬಂದರೆ ಮೊದಲ ಸಾಲಿನ ಪ್ರಶ್ನೆಯೇ ಬದಲಾಗುತ್ತದೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, ನಾವು ಬಾಯಲ್ಲಿ ಜಿಐ ಅನ್ನುತ್ತೇವೆ. ಅಂದಿನಿಂದ ಪಟ್ಟಿಗಳಲ್ಲಿ ಮೊದಲ ಬುಲೆಟ್ ‘ಜಿಐ ಮಾನ್ಯತೆ ಪಡೆದ’ ಎಂದು ಶುರುವಾಗುವುದು ರೂಢಿಯಾಗುತ್ತಿದೆ. ನನಗಿದು ಸರಿಯೆನಿಸುವುದಿಲ್ಲ. ಮೊದಲನೆಯದಾಗಿ, ಜಿಲ್ಲೆಯಲ್ಲಿ ಬೇಳೆ ಮಾರುವವರೆಲ್ಲ ಆ ಗುರುತನ್ನು ಬಳಸುವಂತಿಲ್ಲ. ಜಿಐ ನೋಂದಣಿಯಲ್ಲಿ ಅಧಿಕೃತ ಬಳಕೆದಾರ ಎಂದು ಪ್ರತ್ಯೇಕವಾಗಿ ಹೆಸರು ದಾಖಲಿಸಿಕೊಂಡಿರಬೇಕು. ಎರಡನೆಯದಾಗಿ, ದಾಖಲಿಸಿಕೊಂಡವರಿಗೂ ಅದು ಶೀರ್ಷಿಕೆಯಲ್ಲೋ ಮೂರನೇ ಬುಲೆಟ್‌ನಲ್ಲೋ ಇದ್ದರೆ ಸಾಕು. ಬೇಳೆ ಕೊಳ್ಳುವ ಮನೆಯವರ ಅನುಮಾನ ಬೇರೆ.

ಪಾಲಿಶ್ ಮಾಡಿದ ಬೇಳೆ ಹೊಳೆಯುತ್ತದೆ. ಪಾಲಿಶ್ ಇಲ್ಲದ್ದು ಮಂಕಾಗಿರುತ್ತದೆ, ಮೇಲೆ ಬೇಳೆಯದೇ ಹುಡಿ ತುಸು ಅಂಟಿಕೊಂಡಿರುತ್ತದೆ. ಅಂಗಡಿಯ ಹೊಳಪಿಗೆ ಕಣ್ಣು ಪಳಗಿದವರು ಈ ಹುಡಿಯನ್ನು ಕಂಡು ಹುಳ ಹಿಡಿದಿದೆ ಎಂದೇ ತಿಳಿಯುತ್ತಾರೆ. ಹಾಗಾಗಿ:

> ಪಾಲಿಶ್ ಮಾಡಿಲ್ಲ, ಹೊಳಪಿರುವುದಿಲ್ಲ; ಮೇಲಿನ ಹುಡಿ ಬೇಳೆಯದೇ, ತೊಳೆದರೆ ಹೋಗುತ್ತದೆ; ಹಿಂದಿನ ಹಂಗಾಮಿನ ತೊಗರಿ

ಕೊನೆಯ ತುಂಡನ್ನು ಹಾಕುವುದೋ ಬೇಡವೋ ಎಂದು ಯೋಚಿಸಬೇಕು. ನಮ್ಮಲ್ಲಿ ತೊಗರಿ ಡಿಸೆಂಬರ್, ಜನವರಿಯ ಹೊತ್ತಿಗೆ ಕಟಾವಾಗುತ್ತದೆ. ಹಳೆಯದಾದಷ್ಟೂ ಬೇಳೆ ಬೇಯಲು ಹೊತ್ತು ಹಿಡಿಯುತ್ತದೆ. ‘ಹೊಸ ಬೆಳೆ’ ಎಂದು ಫೆಬ್ರುವರಿಯಲ್ಲಿ ಬರೆದದ್ದು ಮಳೆಗಾಲದಲ್ಲೂ ಹಾಗೇ ಉಳಿದಿರುವ ಪುಟಗಳು ಬೇಕಾದಷ್ಟಿವೆ. ಬೇಳೆ ಬೇಯಲಿಲ್ಲವೆಂದು ಬೈಸಿಕೊಳ್ಳುವುದಕ್ಕಿಂತ ಹಂಗಾಮಿನ ಹೆಸರನ್ನೇ ಬರೆದು, ಹೊಸ ತೊಗರಿ ಬಂದಾಗ ಬದಲಿಸುವುದು ಲೇಸು. ಬದಲಿಸುವವರು ಯಾರು ಎಂದು ಮೊದಲೇ ಗೊತ್ತುಮಾಡಿಕೊಂಡಿರಬೇಕು. ಬರೆದುಕೊಟ್ಟ ಹುಡುಗ ಆ ಹೊತ್ತಿಗೆ ಬೇರೆ ಊರಿನಲ್ಲಿರುತ್ತಾನೆ.

ಕಲಬುರಗಿಯಿಂದ ಹುಮನಾಬಾದಿನ ದಾರಿ ಹಿಡಿದರೆ ಕಮಲಾಪುರ ಸಿಗುತ್ತದೆ. ಅಲ್ಲಿಯ ಕೆಂಪು ಬಾಳೆಗೂ ಜಿಐ ಇದೆ, ಬೇಳೆಗಿಂತ ಮುಂಚೆಯೇ ಬಂದದ್ದು. ಈ ಹಣ್ಣನ್ನು ದೂರದ ಊರಿಗೆ ಕೊರಿಯರ್ ಮಾಡುವುದು ಅಷ್ಟು ಸುಲಭವಲ್ಲ, ಆದರೆ ವಾಟ್ಸ್‌ಆ್ಯಪ್‌ನಲ್ಲಿ ಕಲಬುರಗಿಯ ಮನೆಗಳಿಂದ ಆರ್ಡರ್ ತೆಗೆದುಕೊಂಡು ಮುಟ್ಟಿಸಲು ಅಡ್ಡಿಯಿಲ್ಲ. ಮೊದಲ ಸಾಲು ಹೇಗಿರಬೇಕೆಂದು ಕಲಿಯಲು ರಸ್ತೆಬದಿಯಲ್ಲಿ ಹಣ್ಣು ಮಾರುವವರಿಗಿಂತ ಒಳ್ಳೆಯ ಗುರುವನ್ನು ನಾನು ಕಾಣೆ. ಗಾಡಿ ನಿಲ್ಲಿಸಿ ಗೊನೆ ಮುಟ್ಟಿದವರಿಗೆ ಅವರು ಜಿಐ ಬಗ್ಗೆ ಹೇಳುವುದಿಲ್ಲ, ಪರಂಪರೆಯ ಬಗ್ಗೆಯೂ ಹೇಳುವುದಿಲ್ಲ. ‘ಇವತ್ತ ತಿನ್ನಾಕ ಬೇಕೋ, ಎರಡ ದಿನ ಬಿಟ್ಟ ಬೇಕೋ ಹೇಳ್ರಿ ಅಣ್ಣಾರ. ಬಣ್ಣ ನೋಡ್ಬ್ಯಾಡ್ರಿ, ಒತ್ತಿ ನೋಡ್ರಿ’ ಎನ್ನುತ್ತಾರೆ.

ಅವರ ಮಾತಿನಲ್ಲಿ ಹಣ್ಣಿನ ಮುಖ್ಯ ತೊಡಕೇ ಇದೆ. ಏಲಕ್ಕಿ ಬಾಳೆಯೋ ಪಚ್ಚಬಾಳೆಯೋ ಆದರೆ ಹಸಿರು ಹಳದಿಯಾದಾಗ ಹಣ್ಣಾಯಿತೆಂದು ತಿಳಿಯುತ್ತದೆ. ಕೆಂಪು ಬಾಳೆಯ ಸಿಪ್ಪೆ ಕಾಯಿದ್ದಾಗಲೂ ಕೆಂಪು. ಫೋಟೊದಲ್ಲಿ ಕಾಯಿ ಹಣ್ಣಿನ ಭೇದ ತಿಳಿಯುವುದಿಲ್ಲ. ಕಾಯನ್ನೇ ಸುಲಿದು ಬಾಯಿಗಿಟ್ಟವರು ಒಗರೆಂದು ಉಗಿದು, ಹಣ್ಣೇ ಕೆಟ್ಟದ್ದೆಂದು ತೀರ್ಮಾನಿಸುತ್ತಾರೆ. ಕ್ಯಾಟಲಾಗಿನ ಮೊದಲ ಸಾಲಿಗೆ ರಸ್ತೆಬದಿಯವರ ಮಾತನ್ನೇ ಇಳಿಸಿದರೆ ಸಾಕು:

> ಒತ್ತಿದರೆ ಮೆತ್ತಗಾದ ಮೇಲೆ ತಿನ್ನಿ, ಸಿಪ್ಪೆ ಮೊದಲಿನಿಂದಲೂ ಕೆಂಪೇ. ಹಣ್ಣಾಗುವ ತನಕ ಫ್ರಿಜ್‌ನಲ್ಲಿ ಇಡಬೇಡಿ

ಡಜನ್‌ಗೆ ಎಷ್ಟು, ಎಲ್ಲಿಗೆ ತಲುಪಿಸುತ್ತೇವೆ ಎಂಬುದೆಲ್ಲ ಇದರ ಕೆಳಗೆ. ವಾಟ್ಸ್‌ಆ್ಯಪ್‌ನಲ್ಲಿ ಬೆಲೆಗೆ ಬೇರೆ ಚೌಕವೇ ಇದೆ, ವಿವರಣೆಯಲ್ಲಿ ಅದನ್ನು ಮತ್ತೆ ಬರೆದರೆ ಬೆಲೆ ಬದಲಿಸಿದ ದಿನ ಎರಡು ಕಡೆ ಎರಡು ಬೆಲೆ ಕಾಣುತ್ತದೆ.

ಕನ್ನಡದಲ್ಲೇ ಬರೆಯುವವರು ಅಕ್ಷರ ಎಣಿಸುವಾಗ ಒಂದು ಮಾತು ನೆನಪಿಡಬೇಕು. ಮಿತಿ ಎಣಿಸುವ ಯಂತ್ರ ನಮ್ಮಂತೆ ಎಣಿಸುವುದಿಲ್ಲ. ನಮಗೆ ‘ರೊಟ್ಟಿ’ ಎರಡೇ ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಒತ್ತಿನ ವಿರಾಮ ಎಲ್ಲಕ್ಕೂ ಒಂದೊಂದು ಲೆಕ್ಕ ಹಿಡಿಯುವುದರಿಂದ ಅದು ಆರಾಗುತ್ತದೆ. ‘ಕಲಬುರಗಿ’ಯ ಐದು ಅಕ್ಷರ ಏಳಾಗುತ್ತದೆ. 255ರ ಮಿತಿಯಲ್ಲಿ ಇಂಗ್ಲಿಷಿನಲ್ಲಿ ಹಿಡಿಸುವಷ್ಟು ಮಾತು ಕನ್ನಡದಲ್ಲೂ ಹಿಡಿಸುತ್ತದೆಂದು ನಂಬಿದರೆ ಕೊನೆಯಲ್ಲಿ ಫಾರ್ಮ್ ತಿರಸ್ಕರಿಸುತ್ತದೆ. ತೆರೆಯ ಮೇಲಿನ ಕತ್ತರಿಯ ಲೆಕ್ಕ ಮಾತ್ರ ಬೇರೆ, ಅಲ್ಲಿ ಸಾಲು ತುಂಬುವುದು ಅಗಲದಿಂದ. ಹಾಗಾಗಿ ಒಂದನ್ನು ಎಣಿಸಬೇಕು, ಇನ್ನೊಂದನ್ನು ಕಣ್ಣಾರೆ ನೋಡಬೇಕು.

ಇಂಗ್ಲಿಷಿನಲ್ಲಿ ಬರೆಯುವವರಿಗೂ ಕನ್ನಡದ ಚಿಂತೆ ತಪ್ಪಿದ್ದಲ್ಲ. ಫ್ಲಿಪ್‌ಕಾರ್ಟ್ ಮತ್ತು ಅಮೆಜಾನ್ ಎರಡೂ 2020ರಿಂದ ಕನ್ನಡದಲ್ಲಿ ಸಿಗುತ್ತಿವೆ. ಮಾರುವವರು ಇಂಗ್ಲಿಷಿನಲ್ಲಿ ಬರೆದದ್ದನ್ನು ಅಲ್ಲಿ ಬಹುಪಾಲು ಯಂತ್ರವೇ ಅನುವಾದಿಸಿ ತೋರಿಸುತ್ತದೆ. ಅಲಂಕಾರದ ಇಂಗ್ಲಿಷ್ ವಾಕ್ಯ ಕನ್ನಡಕ್ಕೆ ಬಂದಾಗ ಏನಾಗುತ್ತದೆಂದು ಈ ಆ್ಯಪ್‌ಗಳನ್ನು ಕನ್ನಡದಲ್ಲಿ ಬಳಸುವವರಿಗೆ ಹೇಳಬೇಕಿಲ್ಲ. ಒಣಗಿಸಿದ, ಗಟ್ಟಿ, ಹಪ್ಪಳದಂಥ ಎಂಬ ಸರಳ ಪದಗಳ ತುಂಡುಗಳು ಯಂತ್ರದ ಕೈಯಲ್ಲೂ ಹೆಚ್ಚು ಕೆಡುವುದಿಲ್ಲ. ಆ್ಯಪ್‌ನ ಭಾಷೆಯನ್ನು ಒಮ್ಮೆ ಕನ್ನಡಕ್ಕೂ ಒಮ್ಮೆ ಹಿಂದಿಗೂ ಬದಲಿಸಿ ನಿಮ್ಮ ಮೊದಲ ಬುಲೆಟ್ ಓದಿ ನೋಡಿದರೆ ಯಾವ ಪದ ತೆಗೆಯಬೇಕೆಂದು ತಾನೇ ತಿಳಿಯುತ್ತದೆ.

ತಯಾರಕರ ಹೆಸರು, ವಿಳಾಸ, ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ಯಾವ ದೇಶದ್ದು ಎಂಬುದನ್ನು ಮಾರಾಟದ ಪುಟದಲ್ಲೂ ತೋರಿಸಬೇಕೆಂದು 2011ರ ಪೊಟ್ಟಣ ಸಾಮಗ್ರಿಗಳ ನಿಯಮಗಳಿಗೆ ಮಾಡಿದ ತಿದ್ದುಪಡಿ ಹೇಳುತ್ತದೆ. ಇದಕ್ಕೆ ಹೆದರಿ ಕೆಲವರು ಎಲ್ಲವನ್ನೂ ಮೊದಲ ಬುಲೆಟ್ಟಿಗೇ ತುರುಕುತ್ತಾರೆ. ಬೇಕಿಲ್ಲ. ಅವಕ್ಕೆ ಫಾರ್ಮಿನಲ್ಲಿ ಪ್ರತ್ಯೇಕ ಚೌಕಗಳಿವೆ, ಅಲ್ಲಿ ತುಂಬಿದರೆ ಪುಟದಲ್ಲಿ ಅವುಗಳ ಜಾಗಕ್ಕೆ ಹೋಗಿ ಕೂರುತ್ತವೆ.

ಬರೆದದ್ದು ಕೆಲಸ ಮಾಡುತ್ತಿದೆಯೇ ಎಂದು ತಿಳಿಯುವುದು ಹೇಗೆ? ದೊಡ್ಡ ಕಂಪನಿಗಳು ಎರಡು ಬಗೆಯ ಬರಹವನ್ನು ಒಟ್ಟಿಗೆ ಓಡಿಸಿ ಯಾವುದಕ್ಕೆ ಹೆಚ್ಚು ಮಾರಾಟವಾಯಿತೆಂದು ಅಳೆಯುತ್ತವೆ. ವಾರಕ್ಕೆ ಹತ್ತಿಪ್ಪತ್ತು ಪ್ಯಾಕೆಟ್ ಹೋಗುವ ಗುಂಪಿಗೆ ಅದು ಹೊಂದುವುದಿಲ್ಲ. ಮೂರು ಹೆಚ್ಚು ಮಾರಿದರೆ ಅದು ಬುಲೆಟ್ಟಿನ ಪ್ರತಾಪವೋ ಹಬ್ಬದ್ದೋ ಹೇಳಲಾಗದು. ನಂಬಬಹುದಾದ ಗುರುತು ಒಂದೇ: ನೀವು ಮೊದಲ ಸಾಲಿನಲ್ಲಿ ಉತ್ತರಿಸಿದ ಪ್ರಶ್ನೆ ಬರುವುದು ಕಡಿಮೆಯಾಯಿತೇ? ‘ಬಿಸಿ ಮಾಡ್ಬೇಕೇನ್ರಿ’ ಎಂಬ ಮೆಸೇಜ್ ನಿಂತು ‘ಎಷ್ಟ ದಿನ ಇರ್ತಾವ್ರಿ’ ಎಂಬುದೇ ಹೆಚ್ಚಾದರೆ ಮೊದಲನೆಯದು ಗುರಿ ಮುಟ್ಟಿದೆ, ಈಗ ಎರಡನೆಯದನ್ನು ತಿದ್ದಬೇಕು. ಅದೇ ಪ್ರಶ್ನೆ ಮತ್ತೆ ಬರುತ್ತಿದ್ದರೆ ಉತ್ತರ ‘ಇನ್ನಷ್ಟು ಓದಿ’ಯ ಕೆಳಗೆ ಬಿದ್ದಿರಬಹುದು. ಮನೆಯ ಹಿರಿಯರೊಬ್ಬರ, ಅಕ್ಷರ ದೊಡ್ಡದು ಮಾಡಿಟ್ಟ ಫೋನಿನಲ್ಲಿ ಪುಟ ತೆರೆದು ನೋಡಿ.

ಇನ್ನು ಬಹಳ ಕಡೆ ಆಗುವ ಒಂದು ಎಡವಟ್ಟು. ಹತ್ತರ ಪ್ಯಾಕ್ ಚೆನ್ನಾಗಿ ಮಾರಿತೆಂದು ಇಪ್ಪತ್ತೈದರ ಪ್ಯಾಕ್ ಶುರುಮಾಡುತ್ತಾರೆ. ಹಳೆಯದರ ಬರಹವನ್ನೇ ನಕಲು ಮಾಡಿ ಶೀರ್ಷಿಕೆಯಲ್ಲಿ ಸಂಖ್ಯೆ ತಿದ್ದುತ್ತಾರೆ, ಬುಲೆಟ್‌ನಲ್ಲಿ ‘10 ರೊಟ್ಟಿ’ ಹಾಗೇ ಉಳಿಯುತ್ತದೆ. ಒಂದೇ ಪುಟದಲ್ಲಿ ಎರಡು ಗಾತ್ರಗಳನ್ನು ಆರಿಸುವ ವ್ಯವಸ್ಥೆಯಿದ್ದಾಗ ಇದು ಬೇಗ ಕಣ್ಣಿಗೆ ಬೀಳುವುದೂ ಇಲ್ಲ, ಏಕೆಂದರೆ ಒಂದೊಂದು ಗಾತ್ರಕ್ಕೂ ಬುಲೆಟ್‌ಗಳು ಬೇರೆ ಬೇರೆ ಚೌಕಗಳಲ್ಲಿರುತ್ತವೆ, ಎಕ್ಸೆಲ್ ಹಾಳೆಯಲ್ಲಿ ತುಂಬುವವರಿಗೆ ಬೇರೆ ಬೇರೆ ಅಡ್ಡಸಾಲುಗಳಲ್ಲಿ. ಮೊದಲ ಸಾಲನ್ನು ‘ಒಣಗಿಸಿದ ಗಟ್ಟಿ ರೊಟ್ಟಿ’ ಎಂದು ಶುರುಮಾಡಿ ಸಂಖ್ಯೆಯನ್ನು ಶೀರ್ಷಿಕೆಗೆ ಬಿಟ್ಟವರಿಗೆ ಈ ತಲೆನೋವಿಲ್ಲ. ಅವರ ಬುಲೆಟ್ ಹತ್ತಕ್ಕೂ ನಿಜ, ಇಪ್ಪತ್ತೈದಕ್ಕೂ ನಿಜ. ಸಜ್ಜಿ ರೊಟ್ಟಿಯ ಪುಟ ಮಾಡುವಾಗ ಮಾತ್ರ ನಕಲು ಬೇಡ. ಅದರ ಬಣ್ಣ ಕಂದು ಬೂದು, ಕಂಡವರು ಸುಟ್ಟಿದೆಯೆಂದೋ ಬೂಷ್ಟು ಹಿಡಿದಿದೆಯೆಂದೋ ಕೇಳುತ್ತಾರೆ. ಅಲ್ಲಿ ಮೊದಲು ಬಣ್ಣದ ಮಾತು ಬರಬೇಕು, ಗಟ್ಟಿತನದ್ದು ಆಮೇಲೆ.